ಹತ್ತು ಸಾವಿರ ಸೈನಿಕರು, ಹದಿನಾರು ಮಿಲಿಸೆಕೆಂಡು

ಕಂಪ್ಯೂಟರ್ ಗೇಮಿನ ಪರದೆ ಸಾಮಾನ್ಯವಾಗಿ ಸೆಕೆಂಡಿಗೆ 60 ಬಾರಿ ಬದಲಾಗುತ್ತದೆ. ಅಂದರೆ ಒಂದು ಚಿತ್ರಕ್ಕೆ, ಗೇಮ್ ಮಾಡುವವರ ಮಾತಿನಲ್ಲಿ ಒಂದು ಫ್ರೇಮಿಗೆ, ಸಿಗುವ ಸಮಯ 16.6 ಮಿಲಿಸೆಕೆಂಡು. ಚಿತ್ರ ಬಿಡಿಸುವುದು, ಸದ್ದು ಹೊರಡಿಸುವುದು, ಆಟಗಾರನ ಮೌಸ್ ಎಲ್ಲಿದೆ ಎಂದು ನೋಡುವುದು ಎಲ್ಲವೂ ಅಷ್ಟರಲ್ಲೇ ಮುಗಿಯಬೇಕು. ಇವುಗಳಿಗೆಲ್ಲ ಪಾಲು ಕೊಟ್ಟ ಮೇಲೆ ಆಟದೊಳಗಿನ ಪ್ರಪಂಚವನ್ನು ನಡೆಸಲು 5 ಮಿಲಿಸೆಕೆಂಡು ಉಳಿಯಿತು ಎಂದುಕೊಳ್ಳೋಣ. ಯುದ್ಧಭೂಮಿಯಲ್ಲಿ 10,000 ಸೈನಿಕರಿದ್ದರೆ ಒಬ್ಬೊಬ್ಬನ ಪಾಲಿಗೆ ಬರುವುದು ಮಿಲಿಸೆಕೆಂಡಿನ ಎರಡು ಸಾವಿರದಲ್ಲೊಂದು ಭಾಗ. ಅಷ್ಟರೊಳಗೆ ಅವನು ಹೆಜ್ಜೆ ಇಡಬೇಕು, ಪಕ್ಕದವನಿಗೆ ಡಿಕ್ಕಿಯಾಗದಂತೆ ಸರಿಯಬೇಕು, ಶತ್ರುವನ್ನು ಹುಡುಕಬೇಕು, ಬಾಣ ತಗುಲಿದ್ದರೆ ಸಾಯಬೇಕು.

ಇಂದಿನ ಪ್ರೊಸೆಸರಿಗೆ ಇದು ಕಷ್ಟದ ಲೆಕ್ಕವಲ್ಲ. ಅದು ಒಂದು ಸೆಕೆಂಡಿನಲ್ಲಿ ನೂರಾರು ಕೋಟಿ ಕೂಡುವ, ಗುಣಿಸುವ ಕೆಲಸ ಮಾಡಬಲ್ಲದು. ಆದರೂ ಹೊಸದಾಗಿ ಗೇಮ್ ಬರೆಯಲು ಕುಳಿತವರ ಸೈನ್ಯ ಒಂದೆರಡು ಸಾವಿರ ದಾಟುತ್ತಿದ್ದಂತೆ ಪರದೆ ತೊದಲತೊಡಗುತ್ತದೆ. ಲೆಕ್ಕ ಮಾಡುವ ಯಂತ್ರ ಅಷ್ಟು ವೇಗವಾಗಿದ್ದೂ ಆಟ ನಿಧಾನವಾಗುವುದೇಕೆ? ಬಹಳಷ್ಟು ಸಲ ಪ್ರೊಸೆಸರ್ ಲೆಕ್ಕ ಮಾಡುತ್ತಲೇ ಇರುವುದಿಲ್ಲ, ಮೆಮೊರಿಯಿಂದ ಬರಬೇಕಾದ ಅಂಕಿಗಾಗಿ ಸುಮ್ಮನೆ ಕಾಯುತ್ತಿರುತ್ತದೆ.

1980ರ ದಶಕದಿಂದೀಚೆಗೆ ಪ್ರೊಸೆಸರುಗಳ ವೇಗ ಏರಿದಷ್ಟು ಮೆಮೊರಿಯ ವೇಗ ಏರಲಿಲ್ಲ. ಆ ಅಂತರವನ್ನು ಮುಚ್ಚಲು ಪ್ರೊಸೆಸರಿನ ಒಳಗೇ ಕ್ಯಾಶ್ ಎಂಬ ಚಿಕ್ಕ, ಚುರುಕಾದ ಮೆಮೊರಿ ಇಟ್ಟರು. ಬೇಕಾದ ಅಂಕಿ ಅತಿ ಹತ್ತಿರದ ಕ್ಯಾಶಿನಲ್ಲಿದ್ದರೆ ಸುಮಾರು ಒಂದು ನ್ಯಾನೊಸೆಕೆಂಡಿನಲ್ಲಿ ಕೈಗೆ ಸಿಗುತ್ತದೆ. ಅಲ್ಲಿ ಇಲ್ಲದೆ ಮುಖ್ಯ ಮೆಮೊರಿಯವರೆಗೆ ಹೋಗಬೇಕಾಗಿ ಬಂದರೆ ಸುಮಾರು ನೂರು ನ್ಯಾನೊಸೆಕೆಂಡು ಹಿಡಿಯುತ್ತದೆ. ಹೀಗೆ ಹೋದಾಗ ಅದು ಕೇಳಿದ ಒಂದು ಅಂಕಿಯನ್ನಷ್ಟೇ ತರುವುದಿಲ್ಲ. ಅದರ ಅಕ್ಕಪಕ್ಕದ್ದೂ ಸೇರಿ, ಸಾಮಾನ್ಯ ಲ್ಯಾಪ್‌ಟಾಪುಗಳಲ್ಲಿ 64 ಬೈಟುಗಳ ಒಂದು ತುಂಡನ್ನು ತರುತ್ತದೆ. ಅದಕ್ಕೆ ಕ್ಯಾಶ್ ಲೈನ್ ಎಂದು ಹೆಸರು. ಮುಂದೆ ಹೇಳುವುದೆಲ್ಲ ನಿಂತಿರುವುದು ಈ 64 ಬೈಟುಗಳ ಮೇಲೆ: ಅಷ್ಟು ದೂರದಿಂದ ತಂದ ತುಂಡಿನಲ್ಲಿ ಆ ಹೊತ್ತಿನ ಕೆಲಸಕ್ಕೆ ಬೇಕಾದದ್ದು ಎಷ್ಟಿದೆ, ಬೇಡದ್ದು ಎಷ್ಟಿದೆ?

ಕಾಲೇಜುಗಳಲ್ಲಿ ಕಲಿಸುವ ಪದ್ಧತಿಯಲ್ಲಿ ಬರೆದರೆ ಸೈನಿಕನೊಬ್ಬ ಒಂದು ಆಬ್ಜೆಕ್ಟ್. ಅವನ ಸ್ಥಾನ, ವೇಗ, ಪ್ರಾಣಶಕ್ತಿ, ಹೆಸರು, ಹಿಡಿದ ಆಯುಧ, ನಡಿಗೆಯ ಚಿತ್ರ, ಸೇರಿದ ತುಕಡಿ ಎಲ್ಲವೂ ಆ ಒಂದು ಗಂಟಿನಲ್ಲಿರುತ್ತವೆ. ಗಂಟಿನ ಗಾತ್ರ 256 ಬೈಟು ಎಂದಿರಲಿ. ಸೈನಿಕರು ಬೇರೆ ಬೇರೆ ಹೊತ್ತಿನಲ್ಲಿ ಹುಟ್ಟಿದವರಾದ್ದರಿಂದ ಈ ಗಂಟುಗಳು ಮೆಮೊರಿಯಲ್ಲಿ ಅಲ್ಲೊಂದು ಇಲ್ಲೊಂದು ಬಿದ್ದಿರುತ್ತವೆ. ಈಗ ಎಲ್ಲರನ್ನೂ ಒಂದು ಹೆಜ್ಜೆ ಮುಂದೆ ಸರಿಸಬೇಕು. ಸಮತಟ್ಟಾದ ನೆಲದ ಮೇಲೆ ಅದಕ್ಕೆ ಬೇಕಾದವು ನಾಲ್ಕೇ ಅಂಕಿ: ಸ್ಥಾನದ ಎರಡು, ವೇಗದ ಎರಡು. ಒಂದೊಂದಕ್ಕೆ 4 ಬೈಟಿನಂತೆ ಒಟ್ಟು 16 ಬೈಟು. ಆ 16 ಬೈಟಿಗಾಗಿ ಪ್ರೊಸೆಸರ್ ಪ್ರತಿ ಸೈನಿಕನ ಬಳಿ ಹೋಗಿ ಕನಿಷ್ಠ 64 ಬೈಟು ಹೊತ್ತು ತರುತ್ತದೆ. ನಾಲ್ಕರಲ್ಲಿ ಮೂರು ಪಾಲು ವ್ಯರ್ಥ. ಮುಂದಿನ ಗಂಟು ಎಲ್ಲಿದೆ ಎಂದು ಮೊದಲೇ ಊಹಿಸಿ ತಂದಿಟ್ಟುಕೊಳ್ಳುವ ಜಾಣತನ ಪ್ರೊಸೆಸರಿನಲ್ಲಿದೆಯಾದರೂ, ವಿಳಾಸಗಳು ಚದುರಿರುವುದರಿಂದ ಅದೂ ನಡೆಯುವುದಿಲ್ಲ. 10,000 ಸಲ ನೂರು ನ್ಯಾನೊಸೆಕೆಂಡು ಕಾದರೆ ಒಂದು ಮಿಲಿಸೆಕೆಂಡು ಹೋಯಿತು. ಸ್ಥಾನ ಒಂದು ತುಂಡಿನಲ್ಲಿ, ವೇಗ ಇನ್ನೊಂದರಲ್ಲಿ ಬಿದ್ದಿದ್ದರೆ ಎರಡು. ಕೈಯಲ್ಲಿದ್ದ ಐದರಲ್ಲಿ ಎರಡು ಬರೀ ನಡಿಗೆಗೇ ಮುಗಿದವು. ಗುರಿ ಹುಡುಕುವುದು, ಹೊಡೆಯುವುದು, ಸಾಯುವುದು ಇನ್ನೂ ಬಾಕಿ.

ಇದಕ್ಕೆ ಎಂಟಿಟಿ ಕಾಂಪೊನೆಂಟ್ ಸಿಸ್ಟಮ್ ಕೊಡುವ ಉತ್ತರವೆಂದರೆ ಆ ಗಂಟನ್ನೇ ಬಿಚ್ಚಿಬಿಡುವುದು. ಇಲ್ಲಿ ಸೈನಿಕ ಎಂಬ ವಸ್ತುವೇ ಇಲ್ಲ. ಸೈನಿಕನೆಂದರೆ ಒಂದು ಕ್ರಮಸಂಖ್ಯೆ, ಅದೇ ಎಂಟಿಟಿ. ಅವನ ಸ್ಥಾನ, ವೇಗ, ಪ್ರಾಣಶಕ್ತಿಗಳು ಬೇರೆ ಬೇರೆ ಕಾಂಪೊನೆಂಟುಗಳು, ಅಂದರೆ ಬರೀ ಅಂಕಿಅಂಶ. ಎಲ್ಲ ಸೈನಿಕರ ಸ್ಥಾನಗಳು ಒಂದು ಉದ್ದ ಸಾಲಿನಲ್ಲಿ, ಎಲ್ಲರ ವೇಗಗಳು ಇನ್ನೊಂದು ಸಾಲಿನಲ್ಲಿ ಒತ್ತೊತ್ತಾಗಿ ಕೂರುತ್ತವೆ. ಕೆಲಸ ಮಾಡುವ ಕೋಡ್ ಪ್ರತ್ಯೇಕವಾಗಿದ್ದು, ಅದು ಸಿಸ್ಟಮ್. ಮದುವೆ ಮನೆಯ ಪಂಕ್ತಿಯಲ್ಲಿ ಬಡಿಸುವುದು ಹೀಗೆಯೇ. ಪಲ್ಯದವನು ಪಲ್ಯದ ಪಾತ್ರೆಯೊಂದನ್ನೇ ಹಿಡಿದು ಸಾಲಿನ ಈ ತುದಿಯಿಂದ ಆ ತುದಿಗೆ ಹೋಗುತ್ತಾನೆ, ಅವನ ಹಿಂದೆ ಅನ್ನದವನು, ಅವನ ಹಿಂದೆ ಸಾರಿನವನು. ಒಬ್ಬೊಬ್ಬ ಅತಿಥಿಗೂ ಅಡುಗೆಮನೆಗೆ ಹೋಗಿ ಪೂರ್ತಿ ಊಟ ಕಟ್ಟಿಕೊಂಡು ಬರುವ ಪದ್ಧತಿ ಇದ್ದಿದ್ದರೆ ಮುಹೂರ್ತದ ದಿನ ಸಾವಿರ ಜನರ ಊಟ ಸಂಜೆಯಾದರೂ ಮುಗಿಯುತ್ತಿರಲಿಲ್ಲ.

ನಡಿಗೆಯ ಸಿಸ್ಟಮ್ ಬರೆದರೆ ಅದರ ತಿರುಳು ಇಷ್ಟೇ:

```cpp
for (int i = 0; i < n; i++) {
    x[i] += vx[i] * dt;
    y[i] += vy[i] * dt;
}
```

ಈಗ ಲೆಕ್ಕ ಬದಲಾಗುತ್ತದೆ. 10,000 ಸೈನಿಕರಿಗೆ 16 ಬೈಟಿನಂತೆ ಒಟ್ಟು 1,60,000 ಬೈಟು, ಅಂದರೆ 2,500 ಕ್ಯಾಶ್ ಲೈನುಗಳು. ತಂದದ್ದರಲ್ಲಿ ಒಂದು ಬೈಟೂ ದಂಡವಿಲ್ಲ. ಸಾಲು ನೇರವಾಗಿರುವುದರಿಂದ ಮುಂದಿನದು ಯಾವುದೆಂದು ಪ್ರೊಸೆಸರಿಗೆ ಗೊತ್ತು, ಕೇಳುವ ಮೊದಲೇ ತರಿಸಿಕೊಂಡಿರುತ್ತದೆ. ಮುಖ್ಯ ಮೆಮೊರಿಯಿಂದ ಸೆಕೆಂಡಿಗೆ 10 ಗಿಗಾಬೈಟಿನ ಸಾಧಾರಣ ವೇಗದಲ್ಲಿ ತಂದರೂ ಓದುವುದಕ್ಕೆ 16 ಮೈಕ್ರೊಸೆಕೆಂಡು ಸಾಕು. ಮೊದಲು ಒಂದೆರಡು ಮಿಲಿಸೆಕೆಂಡು ತಿಂದ ಕೆಲಸವೇ ಇದು. ಜೊತೆಗೆ ಇನ್ನೊಂದು ಲಾಭವೂ ಬರುತ್ತದೆ. ಒಂದೇ ಬಗೆಯ ಅಂಕಿಗಳು ಪಕ್ಕಪಕ್ಕದಲ್ಲಿದ್ದರೆ ಇಂದಿನ ಪ್ರೊಸೆಸರುಗಳು ನಾಲ್ಕು ಅಥವಾ ಎಂಟು ಸೈನಿಕರನ್ನು ಒಂದೇ ಆದೇಶದಲ್ಲಿ ಸರಿಸಬಲ್ಲವು.

ಈ ವಿಚಾರ ಒಂದೇ ದಿನ ಹುಟ್ಟಿದ್ದಲ್ಲ, ಹುಟ್ಟಿದಾಗ ಅದರ ಉದ್ದೇಶ ವೇಗವೂ ಆಗಿರಲಿಲ್ಲ. 1998ರ ‘ಥೀಫ್’, 2002ರ ‘ಡಂಜನ್ ಸೀಜ್’ ಗೇಮುಗಳಲ್ಲಿ ವಸ್ತುಗಳನ್ನು ಕಾಂಪೊನೆಂಟುಗಳಿಂದ ಜೋಡಿಸುವ ಕ್ರಮ ಬಂದದ್ದು ವಿನ್ಯಾಸದ ಸ್ವಾತಂತ್ರ್ಯಕ್ಕಾಗಿ. ‘ಡಂಜನ್ ಸೀಜ್’ ತಂಡದ ಸ್ಕಾಟ್ ಬಿಲಾಸ್ ಅದೇ ವರ್ಷ ಗೇಮ್ ಡೆವಲಪರ್ಸ್ ಕಾನ್ಫರೆನ್ಸಿನಲ್ಲಿ ಈ ಕ್ರಮವನ್ನು ವಿವರಿಸಿದರು. ಬಾಗಿಲೂ ಆಗಿ ಪೆಟ್ಟಿಗೆಯೂ ಆಗಿರುವ ವಸ್ತು ಬೇಕೆಂದರೆ ವಂಶವೃಕ್ಷದಂಥ ಕ್ಲಾಸುಗಳ ಪಟ್ಟಿಯಲ್ಲಿ ಅದನ್ನು ಎಲ್ಲಿ ಸೇರಿಸುವುದು ಎಂಬ ತಲೆನೋವು ಅವರದಾಗಿತ್ತು.

ವೇಗದ ಪಾಠ ಕಲಿಸಿದ್ದು 2006ರಲ್ಲಿ ಬಂದ ಪ್ಲೇಸ್ಟೇಷನ್ 3. ಅದರ ಸೆಲ್ ಪ್ರೊಸೆಸರಿನ ಸಹಾಯಕ ಘಟಕಗಳಿಗೆ ತಲಾ 256 ಕಿಲೊಬೈಟಿನ ಸ್ವಂತ ಮೆಮೊರಿ ಬಿಟ್ಟರೆ ಬೇರೆ ಯಾವುದೂ ನೇರವಾಗಿ ಕಾಣುತ್ತಿರಲಿಲ್ಲ. ಬೇಕಾದ ಅಂಕಿಅಂಶವನ್ನು ಪ್ರೋಗ್ರಾಮರೇ ಒತ್ತಾಗಿ ಕಟ್ಟಿ ಒಳಗೆ ಕಳಿಸಬೇಕು, ಫಲ ಹೊರಗೆ ತರಿಸಿಕೊಳ್ಳಬೇಕು. ಚದುರಿದ ಆಬ್ಜೆಕ್ಟುಗಳಿಂದ ಇದು ಸಾಧ್ಯವೇ ಇರಲಿಲ್ಲ. ಆ ಯಂತ್ರಕ್ಕೆ ಗೇಮ್ ಬರೆದ ತಂಡಗಳು ದತ್ತಾಂಶವನ್ನು ಮೊದಲು ನೋಡಿ ಕೋಡನ್ನು ಆಮೇಲೆ ಬರೆಯುವ ಅಭ್ಯಾಸಕ್ಕೆ ಬಿದ್ದವು. ಅಂಥ ತಂಡಗಳಲ್ಲೊಂದಾದ ಇನ್ಸಾಮ್ನಿಯಾಕ್ ಗೇಮ್ಸಿನ ಮೈಕ್ ಆಕ್ಟನ್ 2014ರ ಸಿಪಿಪಿಕಾನ್ ಸಮ್ಮೇಳನದಲ್ಲಿ ಮಾಡಿದ ಭಾಷಣವನ್ನು ಈ ಕ್ಷೇತ್ರದವರು ಇವತ್ತಿಗೂ ಹುಡುಕಿ ನೋಡುತ್ತಾರೆ. ಅವರು ಮುಂದೆ ಯೂನಿಟಿ ಸಂಸ್ಥೆ ಸೇರಿದರು. 2018ರಲ್ಲಿ ಯೂನಿಟಿ ತೋರಿಸಿದ ‘ಮೆಗಾಸಿಟಿ’ ಎಂಬ ಪ್ರಾತ್ಯಕ್ಷಿಕೆಯಲ್ಲಿ 45 ಲಕ್ಷ ಬಿಡಿ ವಸ್ತುಗಳಿದ್ದ ನಗರವೊಂದರ ನಡುವೆ 5,000 ವಾಹನಗಳು ಹಾರಾಡಿದವು.

ಸಾಲುಗಳನ್ನು ಹೇಗೆ ಜೋಡಿಸುವುದು ಎಂಬಲ್ಲಿ ಎರಡು ಪಂಥಗಳಿವೆ. ಯೂನಿಟಿ, ಬೆವಿ, ಫ್ಲೆಕ್ಸ್ ಇವು ಆರ್ಕಿಟೈಪ್ ಕ್ರಮವನ್ನು ಅನುಸರಿಸುತ್ತವೆ. ಒಂದೇ ಬಗೆಯ ಕಾಂಪೊನೆಂಟುಗಳಿರುವ ಎಂಟಿಟಿಗಳೆಲ್ಲ ಒಂದು ಕೋಷ್ಟಕದಲ್ಲಿರುತ್ತವೆ. ಕಾಲಾಳುಗಳದ್ದು ಒಂದು, ಕುದುರೆ ಏರಿದವರದ್ದು ಇನ್ನೊಂದು. ಯೂನಿಟಿಯಲ್ಲಿ ಈ ಕೋಷ್ಟಕ 16 ಕಿಲೊಬೈಟಿನ ತುಂಡುಗಳಾಗಿ ಒಡೆದಿರುತ್ತದೆ. ‘ಮೈನ್‌ಕ್ರಾಫ್ಟ್’ ಬಳಸುವ, ಮಿಕೆಲೆ ಕೈನಿ ಬರೆದ ಎನ್‌ಟಿಟಿ ಲೈಬ್ರರಿಯದು ಇನ್ನೊಂದು ದಾರಿ. ಅಲ್ಲಿ ಪ್ರತಿ ಕಾಂಪೊನೆಂಟಿಗೂ ಪ್ರತ್ಯೇಕ ಸಾಲು, ಯಾವ ಕ್ರಮಸಂಖ್ಯೆಯವನು ಸಾಲಿನಲ್ಲಿ ಎಲ್ಲಿದ್ದಾನೆ ಎಂದು ಹೇಳುವ ಇನ್ನೊಂದು ಸೂಚಿ. ಎರಡರ ನಡುವಿನ ವ್ಯತ್ಯಾಸ ಯುದ್ಧ ಶುರುವಾದ ಮೇಲೆ ತಿಳಿಯುತ್ತದೆ.

ಸೈನಿಕ ಸತ್ತಾಗ ಏನಾಗುತ್ತದೆ ನೋಡೋಣ. ಸಾಲಿನ 4,217ನೇ ಜಾಗದವನು ಬಿದ್ದ. ಜಾಗ ಖಾಲಿ ಬಿಟ್ಟರೆ ಒತ್ತೊತ್ತಾದ ಸಾಲಿನ ಗುಣ ಕೆಡುತ್ತದೆ, ಹಿಂದಿನವರನ್ನೆಲ್ಲ ಒಂದೊಂದು ಸ್ಥಾನ ಮುಂದೆ ಸರಿಸಿದರೆ ಸಾವಿರಾರು ನಕಲು. ಹಾಗಾಗಿ ಸಾಲಿನ ಕೊನೆಯವನನ್ನು ತಂದು ಆ ಜಾಗದಲ್ಲಿ ಕೂರಿಸುತ್ತಾರೆ. ಒಂದೇ ನಕಲು, ಕೆಲಸ ಮುಗಿಯಿತು. ಆದರೆ ಶತ್ರುಪಕ್ಷದ ಬಿಲ್ಲುಗಾರನೊಬ್ಬ ‘ನನ್ನ ಗುರಿ 4,217ನೇ ಜಾಗ’ ಎಂದು ಬರೆದಿಟ್ಟುಕೊಂಡಿದ್ದರೆ ಈಗ ಅವನು ಬೇರೆ ಯಾರನ್ನೋ ಹೊಡೆಯುತ್ತಾನೆ. ಅದಕ್ಕೇ ಯಾರೂ ಜಾಗವನ್ನು ನೆನಪಿಡಬಾರದು, ಕ್ರಮಸಂಖ್ಯೆಯನ್ನು ಮಾತ್ರ ನೆನಪಿಡಬೇಕು. ಸತ್ತವನ ಕ್ರಮಸಂಖ್ಯೆಯನ್ನು ಹೊಸಬನಿಗೆ ಕೊಡುವುದುಂಟಾದ್ದರಿಂದ ಅದರ ಜೊತೆ ಪೀಳಿಗೆಯ ಅಂಕಿಯೂ ಇರುತ್ತದೆ. ಒಬ್ಬ ಸತ್ತಾಗಲೆಲ್ಲ ಆ ಅಂಕಿ ಒಂದರಷ್ಟು ಏರುತ್ತದೆ. ಬಿಲ್ಲುಗಾರನ ಬಳಿ ಇರುವುದು 3ನೇ ಪೀಳಿಗೆ, ಕೋಷ್ಟಕದಲ್ಲಿ ಇರುವುದು 4ನೆಯದು ಎಂದರೆ ಗುರಿ ಸತ್ತಿದೆ ಎಂದು ತಕ್ಷಣ ಗೊತ್ತಾಗುತ್ತದೆ. ಎರಡು ಅಂಕಿ ಹೋಲಿಸುವ ಈ ಚಿಕ್ಕ ಉಪಾಯ ಎಷ್ಟೋ ವಿಚಿತ್ರ ದೋಷಗಳನ್ನು ಹುಟ್ಟುವ ಮೊದಲೇ ತಡೆದಿದೆ.

ಸಾಲಿನ ಉದ್ದಕ್ಕೂ ಸಿಸ್ಟಮ್ ಓಡುತ್ತಿರುವಾಗಲೇ ಸಾಲನ್ನು ಅದಲುಬದಲು ಮಾಡಬಾರದು. ಸಾಯಿಸುವ, ಹುಟ್ಟಿಸುವ ಆದೇಶಗಳನ್ನು ಒಂದು ಪಟ್ಟಿಯಲ್ಲಿ ಬರೆದಿಟ್ಟು, ಓಟ ಮುಗಿದ ಮೇಲೆ ಒಟ್ಟಿಗೆ ಜಾರಿ ಮಾಡುತ್ತಾರೆ. ಈ ಪಟ್ಟಿಗೆ ಕಮಾಂಡ್ ಬಫರ್ ಎನ್ನುತ್ತಾರೆ.

ಹೊಸಬರು ಹೆಚ್ಚಾಗಿ ಸಿಕ್ಕಿಬೀಳುವ ಜಾಗ ಇಲ್ಲೇ ಹತ್ತಿರದಲ್ಲಿದೆ. ಬೆಂಕಿ ಬಾಣ ತಗುಲಿದ ಸೈನಿಕನಿಗೆ ‘ಉರಿಯುತ್ತಿದ್ದಾನೆ’ ಎಂಬ ಕಾಂಪೊನೆಂಟ್ ಸೇರಿಸುವುದು ಸಹಜವೆನಿಸುತ್ತದೆ. ಆದರೆ ಆರ್ಕಿಟೈಪ್ ಕ್ರಮದಲ್ಲಿ ಕಾಂಪೊನೆಂಟ್ ಸೇರಿತೆಂದರೆ ಅವನ ಬಗೆಯೇ ಬದಲಾಯಿತು, ಅವನ ಸಮಸ್ತ ಅಂಕಿಅಂಶ ಒಂದು ಕೋಷ್ಟಕದಿಂದ ಇನ್ನೊಂದಕ್ಕೆ ನಕಲಾಗಬೇಕು. ಒಬ್ಬನಿಗಾದರೆ ಲೆಕ್ಕಕ್ಕಿಲ್ಲ. ಒಂದೇ ಫ್ರೇಮಿನಲ್ಲಿ 2,000 ಮಂದಿಗೆ ಬೆಂಕಿ ಹತ್ತಿ, ಮೂರು ಸೆಕೆಂಡಿನ ನಂತರ ಎಲ್ಲರದೂ ಒಟ್ಟಿಗೆ ಆರಿದರೆ ಎರಡೂ ಬಾರಿ ಆಟ ಜಗ್ಗುತ್ತದೆ. ಸರಾಸರಿ ವೇಗ ನೋಡಿದರೆ ಈ ಕಾಯಿಲೆ ಕಾಣುವುದೇ ಇಲ್ಲ. ಪ್ರೊಫೈಲರಿನ ಗ್ರಾಫಿನಲ್ಲಿ ಸಮನಾದ ಗೆರೆಯ ನಡುವೆ ಅಲ್ಲಲ್ಲಿ ಎದ್ದು ನಿಂತ ಮುಳ್ಳುಗಳಾಗಿ ಕಾಣುತ್ತದೆ. ಪದೇ ಪದೇ ಬಂದು ಹೋಗುವ ಸ್ಥಿತಿಗಳಿಗೆ ಕಾಂಪೊನೆಂಟನ್ನು ಎಲ್ಲರಿಗೂ ಮೊದಲೇ ಕೊಟ್ಟು, ಒಂದು ಬಿಟ್ ಬದಲಿಸಿ ಸ್ವಿಚ್ಚಿನಂತೆ ಹಾಕುವುದು, ಆರಿಸುವುದು ಮೇಲು. ಯೂನಿಟಿಯ ಎಂಟಿಟೀಸ್ 1.0ರಲ್ಲಿ ಇದಕ್ಕೆಂದೇ ಸೌಲಭ್ಯ ಬಂತು. ಎನ್‌ಟಿಟಿಯ ಕ್ರಮದಲ್ಲಿ ಹೀಗೆ ಸೇರಿಸುವುದು, ತೆಗೆಯುವುದು ಮೊದಲಿಂದಲೂ ಅಗ್ಗ. ಅದರ ಬದಲಿಗೆ ಹಲವು ಕಾಂಪೊನೆಂಟುಗಳನ್ನು ಒಟ್ಟಿಗೆ ಓದುವಾಗ ಸೂಚಿಗಳ ಮೂಲಕ ಹಾರಾಡಬೇಕಾದ ಬೆಲೆ ತೆರಬೇಕಾಗುತ್ತದೆ.

ಇಲ್ಲಿಯವರೆಗಿನ ಕೆಲಸಗಳಲ್ಲಿ ಪ್ರತಿ ಸೈನಿಕ ತನ್ನ ಅಂಕಿಗಳನ್ನಷ್ಟೇ ಮುಟ್ಟುತ್ತಿದ್ದ. ಹತ್ತಿರದ ಶತ್ರು ಯಾರು ಎಂದು ಹುಡುಕುವಾಗ ಆ ಸುಖ ಇರುವುದಿಲ್ಲ. ಪ್ರತಿಯೊಬ್ಬನೂ ಉಳಿದ ಎಲ್ಲರನ್ನೂ ನೋಡಿದರೆ 10,000 ಗುಣಿಸು 10,000, ಹತ್ತು ಕೋಟಿ ಹೋಲಿಕೆ. ಅಂಕಿಗಳನ್ನು ಎಷ್ಟೇ ಒಪ್ಪವಾಗಿ ಜೋಡಿಸಿದರೂ ಇಷ್ಟು ಕೆಲಸವನ್ನು 5 ಮಿಲಿಸೆಕೆಂಡಿನಲ್ಲಿ ಮುಗಿಸುವುದು ಒಂದು ಕೋರಿನಿಂದ ಆಗದು. ದತ್ತಾಂಶದ ಜೋಡಣೆ ಕೆಟ್ಟ ಲೆಕ್ಕಕ್ರಮವನ್ನು ಒಳ್ಳೆಯದು ಮಾಡುವುದಿಲ್ಲ. ಇದನ್ನು ಒತ್ತಿ ಹೇಳಬೇಕು, ಏಕೆಂದರೆ ಇ.ಸಿ.ಎಸ್. ಹಾಕಿದ ಮೇಲೂ ಆಟ ನಿಧಾನ ಎಂದು ಕೈಬಿಡುವವರಲ್ಲಿ ಹಲವರು ಎಡವಿರುವುದು ಇಲ್ಲೇ.

ಪರಿಹಾರ ಹಳೆಯದೇ. ಯುದ್ಧಭೂಮಿಯನ್ನು ಚೌಕಗಳಾಗಿ ಹಂಚುವುದು. ಒಂದು ಚೌಕದಲ್ಲಿ ಸುಮಾರು ಹತ್ತು ಮಂದಿ ಇರುವಂತೆ ಅಳತೆ ಇಟ್ಟರೆ, ಸೈನಿಕ ತನ್ನ ಚೌಕ ಮತ್ತು ಸುತ್ತಲಿನ ಎಂಟು ಚೌಕ ಸೇರಿ ತೊಂಬತ್ತು ಜನರನ್ನು ನೋಡಿದರೆ ಸಾಕು. ಹತ್ತು ಕೋಟಿ ಇದ್ದದ್ದು 9 ಲಕ್ಷಕ್ಕೆ ಇಳಿಯಿತು. ಈ ಚೌಕಗಳನ್ನು ಕಟ್ಟುವ ರೀತಿಯಲ್ಲೂ ದತ್ತಾಂಶದ ದೃಷ್ಟಿ ಕೆಲಸಕ್ಕೆ ಬರುತ್ತದೆ. ಪ್ರತಿ ಚೌಕಕ್ಕೂ ಒಂದೊಂದು ಬೆಳೆಯುವ ಪಟ್ಟಿ ಇಟ್ಟರೆ ಮತ್ತೆ ಮೆಮೊರಿಯಲ್ಲಿ ಚದುರುವಿಕೆ. ಅದರ ಬದಲು ಮೊದಲೊಂದು ಓಟದಲ್ಲಿ ಯಾವ ಚೌಕದಲ್ಲಿ ಎಷ್ಟು ಮಂದಿ ಎಂದು ಎಣಿಸಿ, ಆ ಎಣಿಕೆಗಳನ್ನು ಕೂಡುತ್ತಾ ಹೋಗಿ ಪ್ರತಿ ಚೌಕದವರು ಎಲ್ಲಿಂದ ಶುರುವಾಗಬೇಕು ಎಂದು ಗುರುತಿಸಿ, ಎರಡನೆಯ ಓಟದಲ್ಲಿ ಎಲ್ಲರನ್ನೂ ಒಂದೇ ಉದ್ದ ಸಾಲಿನಲ್ಲಿ ಚೌಕವಾರು ಕೂರಿಸುತ್ತಾರೆ. ನೆಲದ ಮೇಲೆ ಅಕ್ಕಪಕ್ಕ ಇರುವವರು ಈಗ ಮೆಮೊರಿಯಲ್ಲೂ ಬಹುಮಟ್ಟಿಗೆ ಅಕ್ಕಪಕ್ಕವೇ.

ಹೊಡೆತದ ಲೆಕ್ಕಕ್ಕೂ ಇದೇ ಬಗೆಯ ಯೋಚನೆ ಬೇಕು. ಬಾಣ ನಾಟಿದ ಕೂಡಲೇ ಗುರಿಯ ಪ್ರಾಣಶಕ್ತಿ ಕಳೆಯಲು ಹೋದರೆ ಮೆಮೊರಿಯಲ್ಲಿ ದಿಕ್ಕುದಿಕ್ಕಿಗೆ ಓಡಾಟ. ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಕೆಲಸವನ್ನು ಎಂಟು ಕೋರುಗಳಿಗೆ ಹಂಚಿದಾಗ ಒಬ್ಬನಿಗೇ ಎರಡು ಬಾಣ ಒಟ್ಟಿಗೆ ನಾಟಿದರೆ ಎರಡು ಕೋರುಗಳೂ 100 ಎಂದು ಓದಿ, ಎರಡೂ 70 ಎಂದು ಬರೆಯುತ್ತವೆ. ಬರಬೇಕಾದದ್ದು 40. ಇಂಥ ತಪ್ಪು ಒಮ್ಮೆ ಆಗುತ್ತದೆ, ಹತ್ತು ಸಲ ಆಗುವುದಿಲ್ಲ, ಹಾಗಾಗಿ ಹಿಡಿಯುವುದು ಕಷ್ಟ. ಆದ್ದರಿಂದ ಬಾಣದ ಸಿಸ್ಟಮ್ ಯಾರಿಗೆ, ಎಷ್ಟು ಪೆಟ್ಟು ಎಂದು ಮಾತ್ರ ಬರೆದಿಡುತ್ತದೆ. ಆ ಪಟ್ಟಿಯನ್ನು ಕ್ರಮಸಂಖ್ಯೆಯ ಪ್ರಕಾರ ವಿಂಗಡಿಸಿ, ಬೇರೊಂದು ಸಿಸ್ಟಮ್ ಒಬ್ಬನ ಪೆಟ್ಟುಗಳನ್ನೆಲ್ಲ ಒಮ್ಮೆಗೇ ಕಳೆಯುತ್ತದೆ. ಪ್ರತಿ ಸಿಸ್ಟಮ್ ತಾನು ಏನನ್ನು ಓದುತ್ತೇನೆ, ಏನನ್ನು ಬರೆಯುತ್ತೇನೆ ಎಂದು ಮೊದಲೇ ಘೋಷಿಸುವುದರಿಂದ, ಒಂದಕ್ಕೊಂದು ಅಡ್ಡಬಾರದ ಸಿಸ್ಟಮುಗಳನ್ನು ಎಂಜಿನ್ ತಾನಾಗಿಯೇ ಬೇರೆ ಬೇರೆ ಕೋರುಗಳಲ್ಲಿ ಓಡಿಸುತ್ತದೆ. ನಡಿಗೆ ಮತ್ತು ಪ್ರಾಣಶಕ್ತಿ ಒಟ್ಟಿಗೆ ಓಡಬಹುದು, ನಡಿಗೆ ಮತ್ತು ಚೌಕ ಕಟ್ಟುವ ಕೆಲಸ ಒಂದಾದ ಮೇಲೊಂದು.

ಈ ವಿಧಾನದ ಬಲವನ್ನೂ ಮಿತಿಯನ್ನೂ ಒಟ್ಟಿಗೆ ತೋರಿಸಿದ ಗೇಮ್ ಫಿನ್‌ಲ್ಯಾಂಡಿನ ಕೊಲೊಸಲ್ ಆರ್ಡರ್ ಸಂಸ್ಥೆಯ ‘ಸಿಟೀಸ್: ಸ್ಕೈಲೈನ್ಸ್ 2’. ಆಟಗಾರ ನಗರ ಕಟ್ಟುತ್ತಾನೆ, ಅದರ ನಾಗರಿಕರು ಕೆಲಸಕ್ಕೆ ಹೋಗುತ್ತಾರೆ, ಮನೆ ಬದಲಿಸುತ್ತಾರೆ, ವಾಹನ ಓಡಿಸುತ್ತಾರೆ. 2015ರ ಮೊದಲ ಆವೃತ್ತಿಯಲ್ಲಿ ಏಕಕಾಲಕ್ಕೆ ರಸ್ತೆಯಲ್ಲಿ ಇರಬಹುದಾದ ವಾಹನಗಳಿಗೆ 16,384ರ ಮಿತಿ ಇತ್ತು. ಎರಡನೆಯ ಆವೃತ್ತಿಯನ್ನು ಯೂನಿಟಿಯ ಇ.ಸಿ.ಎಸ್. ಮೇಲೆ ಕಟ್ಟಿ, ಅಂಥ ಗಟ್ಟಿ ಮಿತಿಗಳನ್ನು ತೆಗೆದು, ಲೆಕ್ಕವನ್ನು ಪ್ರೊಸೆಸರಿನ ಎಲ್ಲ ಕೋರುಗಳಿಗೂ ಹರಡಿದರು. 2023ರ ಅಕ್ಟೋಬರಿನಲ್ಲಿ ಬಿಡುಗಡೆಯಾದಾಗ ಮಾತ್ರ ಆಟ ತೀರ ನಿಧಾನ ಎಂಬ ದೂರು ಎಲ್ಲೆಡೆ ಕೇಳಿಬಂತು. ಹುಡುಕಿ ನೋಡಿದಾಗ ಮುಖ್ಯ ಭಾರ ಇದ್ದದ್ದು ನಗರದ ಲೆಕ್ಕದಲ್ಲಲ್ಲ, ಚಿತ್ರ ಬಿಡಿಸುವ ಗ್ರಾಫಿಕ್ಸ್ ಕಾರ್ಡಿನ ಮೇಲೆ. ದೂರದಿಂದ ಚುಕ್ಕಿಯಂತೆ ಕಾಣುವ ನಾಗರಿಕನ ಬಾಯಿಯೊಳಗಿನ ಹಲ್ಲುಗಳನ್ನೂ ಪೂರ್ತಿ ವಿವರದ ಆಕೃತಿಯಾಗಿ ಕಾರ್ಡಿಗೆ ಕಳಿಸಲಾಗುತ್ತಿತ್ತು, ದೂರಕ್ಕೆ ತಕ್ಕಂತೆ ಸರಳಗೊಳಿಸಿದ ಆಕೃತಿಗಳು ಎಷ್ಟೋ ವಸ್ತುಗಳಿಗೆ ಇರಲಿಲ್ಲ. ಸಿಮ್ಯುಲೇಶನ್ ಎಷ್ಟೇ ಹಗುರವಾದರೂ ಅದು ಚಿತ್ರದ ಭಾರವನ್ನು ಇಳಿಸುವುದಿಲ್ಲ. ಸಂಸ್ಥೆ ಮುಂದಿನ ತಿಂಗಳುಗಳಲ್ಲಿ ಒಂದೊಂದಾಗಿ ತಿದ್ದುಪಡಿ ಬಿಡುಗಡೆ ಮಾಡಬೇಕಾಯಿತು.

ಆದ್ದರಿಂದ ಅಳೆಯದೆ ಏನನ್ನೂ ಬದಲಿಸಬಾರದು. ಲಿನಕ್ಸ್ ಇರುವ ಲ್ಯಾಪ್‌ಟಾಪಿನಲ್ಲಿ ಈ ಆಜ್ಞೆ ಸಾಕು:

```
perf stat -e cycles,instructions,cache-misses ./game
```

ಒಂದು ಸೈಕಲಿಗೆ ಎಷ್ಟು ಆದೇಶಗಳು ಮುಗಿದವು ಎಂಬುದನ್ನು ಇದು ತಿಳಿಸುತ್ತದೆ. ಆ ಅಂಕಿ ಒಂದಕ್ಕಿಂತ ಕಡಿಮೆ ಇದ್ದು ಕ್ಯಾಶ್ ತಪ್ಪಿದ ಎಣಿಕೆ ದೊಡ್ಡದಿದ್ದರೆ ಪ್ರೊಸೆಸರ್ ಮೆಮೊರಿಗಾಗಿ ಕಾಯುತ್ತಿದೆ ಎಂದು ಅನುಮಾನಿಸಬಹುದು, ಅಲ್ಲಿ ದತ್ತಾಂಶದ ಜೋಡಣೆ ಬದಲಿಸಿದರೆ ಫಲ ಸಿಗುವ ಸಂಭವ ಹೆಚ್ಚು. ಅಂಕಿ ಎರಡು ಮೂರರಷ್ಟಿದ್ದೂ ಆಟ ನಿಧಾನವಾಗಿದ್ದರೆ ಪ್ರೊಸೆಸರ್ ಮೈಬಗ್ಗಿಸಿ ದುಡಿಯುತ್ತಿದೆ, ಮಾಡಿಸುತ್ತಿರುವ ಕೆಲಸವೇ ಜಾಸ್ತಿ ಎಂದರ್ಥ, ಆಗ ಲೆಕ್ಕಕ್ರಮವನ್ನೇ ತಿದ್ದಬೇಕು. ಐವತ್ತು ಪಾತ್ರಗಳ ಗೇಮಿಗೂ, ಮೆನುಗಳಿಗೂ, ಕಥೆಯ ತಿರುವುಗಳಿಗೂ ಇಷ್ಟೆಲ್ಲ ಬೇಕಿಲ್ಲ. ಅಲ್ಲಿ ಹಳೆಯ ಆಬ್ಜೆಕ್ಟ್ ಪದ್ಧತಿಯೇ ಬರೆಯಲು ಸುಲಭ, ಓದಲೂ ಸುಲಭ.

ಬೆವಿ, ಎನ್‌ಟಿಟಿ, ಫ್ಲೆಕ್ಸ್ ಮೂರೂ ಮುಕ್ತ ತಂತ್ರಾಂಶಗಳು, ಯಾರು ಬೇಕಾದರೂ ಇಳಿಸಿಕೊಂಡು ಬಳಸಬಹುದು. ಕಲಿಯುವ ಆಸಕ್ತಿ ಇರುವ ವಿದ್ಯಾರ್ಥಿ ಅವುಗಳಿಗೆ ಕೈ ಹಾಕುವ ಮೊದಲು 10 ಲಕ್ಷ ಸೈನಿಕರ ನಡಿಗೆಯನ್ನು ಎರಡು ರೀತಿಯಲ್ಲಿ ಬರೆಯಲಿ: ಒಮ್ಮೆ ಚದುರಿದ ಆಬ್ಜೆಕ್ಟುಗಳಾಗಿ, ಒಮ್ಮೆ ಮೇಲಿನ ನಾಲ್ಕು ಸಾಲಿನ ಕೋಡಿನಂತೆ. ಎರಡನ್ನೂ ತನ್ನದೇ ಯಂತ್ರದಲ್ಲಿ ಓಡಿಸಿ ಸಮಯ ಬರೆದುಕೊಳ್ಳಲಿ. ಅಳೆಯುವಾಗ ಕಂಪೈಲರಿಗೆ `-O2` ಕೊಡುವುದನ್ನು ಮರೆಯಬಾರದು, ಇಲ್ಲದಿದ್ದರೆ ಎರಡೂ ಅಂಕಿಗಳು ತಪ್ಪು ದಾರಿ ತೋರಿಸುತ್ತವೆ.